ಅಪ್‌ಡೇಟ್: ಗೇಟಿನ ಕರೆಗಂಟೆಯ ಬ್ಯಾಟರಿ

ನನ್ನ ಪ್ರಶ್ನೆ: "ಶಿರಸಿ ಹತ್ತಿರದ ಮನೆ. ಗೇಟಿನ ಗುಂಡಿ ಒತ್ತಿದರೆ ಒಳಗೆ ಗಂಟೆ ಬಾರಿಸಿ ಮೊಬೈಲಿಗೂ ಸೂಚನೆ ಬರುತ್ತದೆ. ಗುಂಡಿಯ ವೈಫೈ ಬೋರ್ಡಿಗೆ ಡೀಪ್ ಸ್ಲೀಪ್ ಹಾಕಿದರೂ 2400 ಎಂಎಎಚ್ ಬ್ಯಾಟರಿ ಹತ್ತು ದಿನಕ್ಕೇ ಖಾಲಿ. ಏಕೆ?"

ನೀವು ಹೇಳಿದಂತೆ ಮಲ್ಟಿಮೀಟರನ್ನು ಬ್ಯಾಟರಿಯ ತಂತಿಯ ನಡುವೆ ಸೇರಿಸಿ ನೋಡಿದೆ. ನಿದ್ದೆಯಲ್ಲೂ 9 ಮಿಲಿಆಂಪ್! ಮಲಗಿದ್ದು ಚಿಪ್ ಮಾತ್ರ. ಬೋರ್ಡಿನ ಕೆಂಪು ದೀಪ, ಯುಎಸ್‌ಬಿ ಚಿಪ್, ರೆಗ್ಯುಲೇಟರ್ ಎಲ್ಲ ಎಚ್ಚರವಾಗಿದ್ದವು. 2400 ಭಾಗಿಸು 9 ಎಂದರೆ ಸುಮಾರು 267 ಗಂಟೆ, ಹನ್ನೊಂದು ದಿನ. ಲೆಕ್ಕ ಸರಿಯಾಗಿಯೇ ಇತ್ತು.

ಬೋರ್ಡ್ ಬಿಟ್ಟು ಬರಿಯ ಇಎಸ್‌ಪಿ-12ಎಫ್ ಮಾಡ್ಯೂಲ್ ಮತ್ತು ತಾನೇ ಕೆಲವೇ ಮೈಕ್ರೋಆಂಪ್ ತಿನ್ನುವ ರೆಗ್ಯುಲೇಟರ್ ಹಾಕಿದೆ. ಈಗ ಮೀಟರ್ 30 ಮೈಕ್ರೋಆಂಪ್ ತೋರಿಸುತ್ತಿದೆ. ಗುಂಡಿ ರೀಸೆಟ್ ಪಿನ್ನನ್ನು ಎಳೆದು ಚಿಪ್ಪನ್ನು ಎಬ್ಬಿಸುತ್ತದೆ. ಅದು ವೈಫೈಗೆ ಸೇರದೆ ರೂಟರ್ ಬೇಡದ ಇಎಸ್‌ಪಿ-ನೌ ಮೂಲಕ ನೇರವಾಗಿ ಒಳಗಿನ ರಿಸೀವರಿಗೆ ಸುದ್ದಿ ಕಳಿಸಿ ಮತ್ತೆ ಮಲಗುತ್ತದೆ. ಗಂಟೆ, ಮೊಬೈಲ್ ಸೂಚನೆ ಎರಡೂ ರಿಸೀವರಿನ ಕೆಲಸ.

ಒಂದು ದಿನ ಮಾತ್ರ ಗ್ಯಾಸ್ ತಂದವನು ಎಷ್ಟು ಒತ್ತಿದರೂ ಸದ್ದಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ತಾನೇ ಚಾನೆಲ್ ಬದಲಿಸಿತ್ತು. ವೈಫೈಗೆ ಸೇರಿದ್ದ ರಿಸೀವರ್ ಅದರ ಹಿಂದೆ ಹೋಯಿತು, ಗುಂಡಿ ಹಳೆಯದರಲ್ಲೇ ಉಳಿಯಿತು. ರೂಟರಿನಲ್ಲಿ 6ನೇ ಚಾನೆಲ್ ಖಾಯಂ ಮಾಡಿ, ಗುಂಡಿಯ ಕೋಡಿನಲ್ಲೂ ಬರೆದೆ:

```
wifi_set_channel(6);
```

ಕರೆಂಟ್ ಇಲ್ಲದಾಗ ರಿಸೀವರ್ ಸತ್ತಿರುತ್ತದೆ. ಆಗ ನಾಯಿಯೇ ಗಂಟೆ ಎನ್ನುತ್ತಾಳೆ ಆಯಿ.