ಸ್ಟೆಪ್-ಅಪ್ ಎಸ್‌ಐಪಿ: ನನ್ನ ಶೀಟಿನಲ್ಲಿ 26,606 ರೂಪಾಯಿ ಹೆಚ್ಚು ಬರುತ್ತಿದೆ, ಯಾಕೆ?

ಹಾಸನ_ಹುಡುಗ:
ತಿಂಗಳಿಗೆ 10,000, ವರ್ಷಕ್ಕೆ ಶೇ. 10 ಏರಿಕೆ, 10 ವರ್ಷ, ಆದಾಯ ಶೇ. 12 ಅಂತ ಹಿಡಿದಿದ್ದೇನೆ. ವೆಬ್‌ಸೈಟಿನ ಕ್ಯಾಲ್ಕುಲೇಟರ್ 33,74,326 ತೋರಿಸಿದರೆ ನನ್ನ ಶೀಟಿನಲ್ಲಿ 34,00,932 ಬರುತ್ತಿದೆ. A ಕಾಲಂನಲ್ಲಿ ತಿಂಗಳು, 1ರಿಂದ 120. ಉಳಿದದ್ದು ಹೀಗಿದೆ:

```
B2: =10000*1.1^INT(A2/12)
C2: =B2*1.01
C3: =(C2+B3)*1.01
```

ಕರಾವಳಿ77:
ಕಂತು ತಿಂಗಳ ಮೊದಲಿಗೋ ಕೊನೆಗೋ ಅನ್ನೋದರ ವ್ಯತ್ಯಾಸ ಅದು. ಕೊನೆಗೆ ಅಂತ ಹಾಕಿ ನೋಡಿ, ಕಡಿಮೆಯಾಗುತ್ತೆ.

ಲೆಕ್ಕದಪುಸ್ತಕ:
ಕಡಿಮೆಯಾಗೋದೇನೋ ನಿಜ, ಆದರೆ ಅಳತೆ ಹೊಂದುವುದಿಲ್ಲ. ಕ್ಯಾಲ್ಕುಲೇಟರಿನ 33,74,326ನ್ನು 1.01ರಿಂದ ಭಾಗಿಸಿ, 33,40,917 ಬರುತ್ತೆ. ಅಂದರೆ ಅದರಿಂದಾಗುವ ವ್ಯತ್ಯಾಸ 33,409, ಇವರು ಕೇಳುತ್ತಿರುವುದು 26,606.

ತಪ್ಪಿರುವುದು INTನಲ್ಲಿ. 12ನೇ ತಿಂಗಳಿಗೇ 12/12 = 1 ಆಗಿಬಿಡುತ್ತದೆ, ಹಾಗಾಗಿ ಪ್ರತಿ ವರ್ಷವೂ ಏರಿಕೆ ಒಂದು ತಿಂಗಳು ಮೊದಲೇ ಬರುತ್ತಿದೆ. B13 ನೋಡಿ, 10,000 ಇರಬೇಕಾದಲ್ಲಿ 11,000 ಇರುತ್ತೆ. ಹೀಗೆ ಬದಲಿಸಿ, ಕೆಳಗಿನವರೆಗೂ ಎಳೆಯಿರಿ:

```
B2: =10000*1.1^INT((A2-1)/12)
```

B ಕಾಲಂನ ಮೊತ್ತ 19,12,491 ಬಂದರೆ ಕಂತುಗಳು ಸರಿ. ಈಗ ನಿಮ್ಮಲ್ಲಿ 19,28,428 ಇರಬೇಕು. ಕೊನೆಯ ಮೊತ್ತ ಹೊಂದದಾಗ ಮೊದಲು ಈ ಕೂಡಿಕೆ ನೋಡಿ. ಇದರಲ್ಲಿ ಬಡ್ಡಿಯ ಗೊಡವೆ ಇಲ್ಲ, ತಪ್ಪು ಕಂತಿನಲ್ಲೋ ಆದಾಯದಲ್ಲೋ ಅಂತ ಕೂಡಲೇ ಗೊತ್ತಾಗುತ್ತೆ.

ಸುಮಾ_ಡಿ:
ನನ್ನ ಆ್ಯಪ್‌ನಲ್ಲೂ 10,000ಕ್ಕೆ ವರ್ಷಕ್ಕೆ 1,000 ಏರಿಸಿದ್ದೀನಿ. ಅದೂ ಶೇ. 10 ತಾನೇ? ನನಗೂ 33 ಲಕ್ಷವೇ ಬರುತ್ತಾ?

ಲೆಕ್ಕದಪುಸ್ತಕ:
ಇಲ್ಲ ಮೇಡಂ, ಮೊದಲ ಏರಿಕೆ ಮಾತ್ರ ಒಂದೇ. ನಿಮ್ಮದು 10ನೇ ವರ್ಷಕ್ಕೆ 19,000 ಆಗಿರುತ್ತೆ, ಶೇ. 10ರಲ್ಲಿ 23,579. ನೀವು ಕಟ್ಟುವ ಅಸಲೇ 17,40,000.

ಹಾಸನ_ಹುಡುಗ:
ಸರಿಹೋಯ್ತು ಸರ್, 33,74,326 ಬಂತು. ಆದರೆ ಇನ್ನೊಂದು ಸೈಟ್ ಸುಮಾರು 32.69 ಲಕ್ಷ ತೋರಿಸುತ್ತಿದೆಯಲ್ಲ?

ಲೆಕ್ಕದಪುಸ್ತಕ:
ಅವರು ಶೇ. 12ನ್ನು ಇಡೀ ವರ್ಷದ ಆದಾಯ ಅಂತ ಹಿಡಿದಿದ್ದಾರೆ. ತಿಂಗಳಿಗೆ 1.12^(1/12)-1, ಅಂದರೆ ಶೇ. 0.949. ನೀವು ಶೇ. 1 ಹಾಕಿದ್ದೀರಿ, ಅದು ವರ್ಷಕ್ಕೆ ಶೇ. 12.68 ಆಗಿಬಿಡುತ್ತೆ. ಫಂಡ್‌ಗಳ ಹಳೆಯ ಆದಾಯವನ್ನು ವಾರ್ಷಿಕ ದರದಲ್ಲೇ ತೋರಿಸುವುದರಿಂದ ನಾನಾದರೆ ಶೇ. 0.949ನ್ನೇ ಬಳಸುತ್ತೇನೆ.

ಕರಾವಳಿ77:
ಒಪ್ಪಲ್ಲ. ಶೇ. 12 ಅನ್ನೋದೇ ಊಹೆ, ಅದರ ಮೇಲೆ 0.949 ಅಂತ ಕೂದಲು ಸೀಳಿ ಏನು ಪ್ರಯೋಜನ? ಶೇ. 9ಕ್ಕೂ ಒಂದು ಕಾಲಂ ಹಾಕಿಟ್ಟುಕೊಳ್ಳಿ.

ಲೆಕ್ಕದಪುಸ್ತಕ:
ಹಾಕಲಿ, ಬೇಡ ಅನ್ನಲ್ಲ. ಆದರೆ ಎರಡೂ ಕಾಲಂಗೆ ಒಂದೇ ಪದ್ಧತಿ ಇರಲಿ. ಪದ್ಧತಿಯಿಂದಲೇ ಇಲ್ಲಿ 1.05 ಲಕ್ಷ ಆಚೀಚೆ ಆಗಿದೆ.