ಟೈಟಾನಿಕ್ ನೋಟ್‌ಬುಕ್ ಕಾಪಿ ಹೊಡದು ಸಿಕ್ಕಾಕೊಂಡೇನಿ, ಸಹಾಯ ಬೇಕ್ರೀ

ನಮಸ್ಕಾರ್ರೀ, ನಾ ವಿಜಯಪುರದಾಂವ, ಕ್ಯಾಗಲ್‌ಗೆ ಹೊಸಬ. ಹೆಂಗಸ್ರೆಲ್ಲಾ ಉಳದ್ರು ಗಂಡಸ್ರೆಲ್ಲಾ ಸತ್ರು ಅನ್ನೋ `gender_submission.csv` ಕಳಿಸಿದ್ರ 0.76555 ಬಂತು. ಆಮ್ಯಾಲ ಬಾಳ ವೋಟ್ ಬಿದ್ದಿದ್ದೊಂದು ನೋಟ್‌ಬುಕ್ ಹಂಗ ಕಾಪಿ ಹೊಡದೆ, ಕ್ರಾಸ್ ವ್ಯಾಲಿಡೇಷನ್‌ದಾಗ 0.86 ತೋರಸ್ತು, ಕಳಿಸಿದ್ರ 0.75598! ನಗಬ್ಯಾಡ್ರಿ.

ಎರಡು ದಿನ ಒಂದೊಂದ ಕಾಲಂ ತಗದು ಓಡಿಸಿ ನೋಡ್ದೆ. ಅಡ್ಡಹೆಸರಿನ ಪ್ರಕಾರ ಆ ಮನೆತನದಾಗ ಎಷ್ಟ್ ಮಂದಿ ಉಳದ್ರು ಅನ್ನೋ ಸರಾಸರಿ ಕಾಲಂ ತಗದ್ರ ವ್ಯಾಲಿಡೇಷನ್ 0.82ಕ್ಕ ಇಳೀತದ, ಲೀಡರ್‌ಬೋರ್ಡ್ ಮಾತ್ರ 0.77033ಕ್ಕ ಏರ್ತದ. ಫೋಲ್ಡ್ ಮಾಡೂಕಿಂತ ಮೊದಲ 891 ಸಾಲೂ ಸೇರಿಸಿ ಸರಾಸರಿ ತಗದಾರ, ಅಂದ್ರ ಪ್ರತಿ ಸಾಲಿನ ಉತ್ತರನೂ ಅದರಾಗ ಸೋರೇದ. ಇಲ್ಲೀತನಾ ತಿಳೀತು.

ಈಗ ಹೇಳ್ರಿ, ಆ ಸರಾಸರಿ ಪ್ರತಿ ಫೋಲ್ಡ್‌ದಾಗ ಟ್ರೇನ್ ಭಾಗದಿಂದಷ್ಟ ಹೆಂಗ ತಗಿಯೂದು? ಮೊದಲನೇದು ಅಂತ ಇದನ್ನ ಮುಗಸ್ಲ್ಯೋ, ಹೌಸ್ ಪ್ರೈಸಸ್‌ಗೆ ಹೋಗ್ಲ್ಯೋ?