ಪದಚರ್ಚೆ: ಗಡುವು ಮುಗಿದ ಮೇಲೂ ಉಳಿಯುವ ಶೀರ್ಷಿಕೆ – ತುರ್ತಾಗಿ ಒಂದು ಪದ ಬೇಕು

ತರ್ಜುಮೆಗಾರ್ತಿ:

ಮಾನ್ಯರೇ,

ಒಂದು ಜಾಲತಾಣದಲ್ಲಿ ಬಳಕೆದಾರರು ತಮ್ಮ ಪ್ರಕಟಣೆಗೆ ಶೀರ್ಷಿಕೆ ಬರೆಯುವ ಪೆಟ್ಟಿಗೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಕಾಣಿಸಬೇಕಾದ ಸೂಚನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂದು ಸಂಜೆಯೊಳಗೆ ಅದನ್ನು ಒಪ್ಪಿಸಬೇಕಾಗಿದೆ. ಬೆಲೆ, ದಿನಾಂಕ, ಆಫರಿನ ಕೊನೆಯ ದಿನ ಇವುಗಳನ್ನು ಶೀರ್ಷಿಕೆಯಲ್ಲಿ ಹಾಕಬೇಡಿ, ಏಕೆಂದರೆ ಅವು ಮುಗಿದುಹೋದ ಎಷ್ಟೋ ಕಾಲದ ನಂತರವೂ ಆ ಶೀರ್ಷಿಕೆ ಹುಡುಕಿದವರಿಗೆ ಸಿಗುತ್ತಲೇ ಇರುತ್ತದೆ ಎಂಬುದು ಅದರ ತಾತ್ಪರ್ಯ.

ಮೂಲದಲ್ಲಿ ಈ ಮೂರೂ ಬಗೆಯ ವಿವರಗಳಿಗೆ ಸೇರಿ ಒಂದೇ ವಿಶೇಷಣವಿದೆ. ಮೊದಲ ಕರಡಿನಲ್ಲಿ ನಾನು 'ಸಮಯಸೂಕ್ಷ್ಮ' ಎಂದು ಬರೆದಿದ್ದೆ. ಅದನ್ನು ಓದಿದ ಸಹೋದ್ಯೋಗಿಯೊಬ್ಬರು ಅದು ಗಡಿಯಾರದ ಬಿಡಿಭಾಗದ ಹೆಸರಿನಂತಿದೆ ಎಂದರು. 'ಅವಧಿ ಮೀರುವ ವಿವರ' ಎಂದರೆ ಕಚೇರಿಯ ಸುತ್ತೋಲೆಯ ವಾಸನೆ ಬರುತ್ತದೆ. ಕೂಡದು ಎನ್ನುವ ಶೀರ್ಷಿಕೆಗೆ ಸೂಚನೆಯಲ್ಲಿ ಕೊಟ್ಟಿರುವ ಉದಾಹರಣೆ ಇದು: 'ಟಿಪ್ಪಣಿ ತಂತ್ರಾಂಶ ಅರ್ಧ ಬೆಲೆಗೆ, ಮಾರ್ಚ್ 31ರವರೆಗೆ ಮಾತ್ರ'. ಸಲಹೆ ನೀಡಬೇಕಾಗಿ ಕೋರುತ್ತೇನೆ.

ನಿಘಂಟುನಿಷ್ಠ:

ಒಳ್ಳೆಯ ಶೀರ್ಷಿಕೆಗೆ 'ನಿತ್ಯಹರಿದ್ವರ್ಣ ಶೀರ್ಷಿಕೆ' ಎನ್ನಿ, ಕೆಟ್ಟದ್ದಕ್ಕೆ 'ಅನಿತ್ಯ' ಎನ್ನಿ. ಪದಗಳು ಸಿದ್ಧವಾಗಿಯೇ ಇವೆ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಅಚ್ಚನುಡಿ:

ನಿತ್ಯಹರಿದ್ವರ್ಣ ಎಂಬುದು ಕಾಡಿಗೆ ಸಲ್ಲುವ ಮಾತು, ಶೀರ್ಷಿಕೆಗಲ್ಲ. ನಮ್ಮಲ್ಲಿ 'ಹಳಸು' ಎಂಬ ಅಚ್ಚಗನ್ನಡದ ಕ್ರಿಯಾಪದ ಇರುವಾಗ ಇಷ್ಟೆಲ್ಲ ತಡಕಾಟ ಏಕೆಂದು ನನಗೆ ತಿಳಿಯದು. ಹಳೆಗನ್ನಡದ 'ಪೞ'ದಲ್ಲಿದ್ದ ೞಕಾರ ಳಕಾರವಾಗಿ, ಪಕಾರ ಹಕಾರವಾಗಿ ನಮ್ಮ 'ಹಳೆ' ಬಂದಿದೆ. ಹಳಸುವುದೂ ಅದೇ ಬಳ್ಳಿಯ ಕುಡಿ. ಆದರೆ ಎರಡರ ಅರ್ಥ ಒಂದೇ ಅಲ್ಲ. ಹಳತಾದದ್ದಕ್ಕೆ ವಯಸ್ಸಾಗಿರುತ್ತದೆ ಅಷ್ಟೇ, ಹಳಸಿದ್ದು ಕೆಟ್ಟಿರುತ್ತದೆ. ನಿಮ್ಮ ಸೂಚನೆ ಹೇಳುತ್ತಿರುವುದೂ ಇದನ್ನೇ ಅಲ್ಲವೆ? ಹತ್ತು ವರ್ಷ ಹಿಂದಿನ ಶೀರ್ಷಿಕೆ ಹಳೆಯದಾದರೂ ನಿಜವಾಗಿರಬಹುದು. ಕಳೆದ ತಿಂಗಳ ಬೆಲೆ ಹೊತ್ತ ಶೀರ್ಷಿಕೆ ಈಗಾಗಲೇ ಸುಳ್ಳಾಗಿರಬಹುದು. ಆದ್ದರಿಂದ 'ಹಳಸುವ ವಿವರ', 'ಹಳಸದ ತಲೆಬರಹ'. 'ಶೀರ್ಷಿಕೆ', 'ದಿನಾಂಕ', 'ಅವಧಿ' ಮೂರೂ ಸಂಸ್ಕೃತದವು, 'ವಾಯಿದೆ' ಅರಬ್ಬಿಯದು. 'ಗಡುವು' ಮತ್ತು 'ಬೆಲೆ' ನಮ್ಮವು, ಅವನ್ನು ಉಳಿಸಿಕೊಳ್ಳಿ.

ನಿಘಂಟುನಿಷ್ಠ:

'ತಲೆಬರಹ' ಎಂದರೆ ಜನ ಹಣೆಬರಹವೆಂದು ಓದಿಕೊಳ್ಳುತ್ತಾರೆ. ಮಾರುವವನಿಗೆ 'ನಿಮ್ಮ ತಲೆಬರಹ ಹಳಸಿದೆ' ಎಂದು ಹೇಳುವ ಜಾಲತಾಣವನ್ನು ಬಳಸಲು ನಾನಂತೂ ಹೋಗಲಾರೆ.

ಸೂಚಿಕಾರ:

ನಗೆ ಹಾಗಿರಲಿ. 'ಹಳಸು' ಹತ್ತಿರದ ಪದವೆಂದು ನನಗೂ ಅನಿಸುತ್ತದೆ. ಆದರೆ ಹಳಸುವುದು ಇಡೀ ಶೀರ್ಷಿಕೆಯಲ್ಲ, ಅದರೊಳಗಿನ ಒಂದು ತುಂಡು. ಆ ತುಂಡು ಎಲ್ಲೆಲ್ಲಿಗೆ ಹೋಗಿ ಕೂರುತ್ತದೆ ಎಂಬುದನ್ನು ನೋಡದೆ ಪದ ಆರಿಸಿದರೆ ಸೂಚನೆ ಮೊಂಡಾಗುತ್ತದೆ. ತರ್ಜುಮೆಗಾರ್ತಿಯವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಬಳಕೆದಾರ ಪೆಟ್ಟಿಗೆಯಲ್ಲಿ ಒಮ್ಮೆ ಬರೆದ ಸಾಲನ್ನು ಇಂಥ ತಾಣಗಳು ಸಾಮಾನ್ಯವಾಗಿ ನಾಲ್ಕು ಕಡೆ ಬಳಸುತ್ತವೆ: ಪುಟದ ಮೇಲಿನ ದೊಡ್ಡಕ್ಷರದ ಸಾಲು, ಹುಡುಕುಯಂತ್ರಕ್ಕೆ ಕಾಣುವ `<title>`, ಹಂಚಿಕೊಂಡಾಗ ಕಾಣುವ `og:title`, ಮತ್ತು ಪುಟದ ವಿಳಾಸ. ಏಪ್ರಿಲ್ 1ರಂದು ಆತ ಶೀರ್ಷಿಕೆಯನ್ನು ತಿದ್ದಿದನೆಂದುಕೊಳ್ಳಿ. ಪುಟದ ಮೇಲಿನ ಸಾಲು ಕೂಡಲೇ ಬದಲಾಗುತ್ತದೆ. ಹುಡುಕಾಟದ ಫಲಿತಾಂಶ ಬದಲಾಗಬೇಕಾದರೆ ಯಂತ್ರ ಆ ಪುಟಕ್ಕೆ ಮತ್ತೆ ಬಂದು ಓದಿರಬೇಕು. ಹೆಚ್ಚು ಜನ ನೋಡದ ಪುಟಕ್ಕೆ ಅದು ಬೇಗ ಬರುತ್ತದೆಂಬ ಖಾತ್ರಿಯಿಲ್ಲ. ಈಗಾಗಲೇ ಹಂಚಿಕೆಯಾದ ಕೊಂಡಿಗಳಲ್ಲಿ ಹಳೆಯ ಸಾಲೇ ನಿಂತಿರುತ್ತದೆ. ವಿಳಾಸವಂತೂ ಹಲವು ವ್ಯವಸ್ಥೆಗಳಲ್ಲಿ ತಾನಾಗಿ ಬದಲಾಗುವುದೇ ಇಲ್ಲ. ಬದಲಾಯಿಸಿದರೆ ಹಳೆಯ ಕೊಂಡಿಗಳು ಮುರಿಯುತ್ತವೆ. ತಿದ್ದಬಹುದಲ್ಲ ಎಂಬ ಧೈರ್ಯದಿಂದ ಗಡುವನ್ನು ಶೀರ್ಷಿಕೆಯಲ್ಲಿ ಹಾಕುವವರು ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ನೋಡಿರುತ್ತಾರೆ.

ಇನ್ನೊಂದು ತೊಡಕು ಆ ಸಾಲಿನ ಪದಕ್ರಮದಲ್ಲಿದೆ. ಫಲಿತಾಂಶದ ಪುಟದಲ್ಲಿ ಉದ್ದದ ಶೀರ್ಷಿಕೆ ಪರದೆಯ ಅಗಲಕ್ಕೆ ತಕ್ಕಂತೆ ಬಾಲದ ಕಡೆಯಿಂದ ಕತ್ತರಿಸಿಹೋಗುತ್ತದೆ. ಇಲ್ಲಿ ಬಾಲದಲ್ಲಿರುವುದು ಗಡುವು. ಚಿಕ್ಕ ಪರದೆಯಲ್ಲಿ ಉಳಿಯುವುದು 'ಟಿಪ್ಪಣಿ ತಂತ್ರಾಂಶ ಅರ್ಧ ಬೆಲೆಗೆ' ಎಂಬಷ್ಟು ಮಾತ್ರ, ಅಂದರೆ ಷರತ್ತಿಲ್ಲದ ಆಶ್ವಾಸನೆ. ಇಡಿಯಾಗಿ ಕಂಡರೂ ಯಾವ ವರ್ಷದ ಮಾರ್ಚ್ ಎಂದು ಅದರಲ್ಲಿ ಹೇಳಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅದನ್ನು ನೋಡಿದವನಿಗೆ ಆ ಆಫರ್ ಇನ್ನೂ ಬರಲಿರುವಂತೆ ಕಾಣುತ್ತದೆ.

ನೇರಮಾತು:

ನಾನು ಇದನ್ನು ಒಪ್ಪಲಾರೆ. ದಿನಾಂಕವಿರುವ ಶೀರ್ಷಿಕೆಯೇ ಪ್ರಾಮಾಣಿಕವಾದದ್ದು. ಮುಗಿದುಹೋಗಿದೆ ಎಂಬುದನ್ನು ಓದುಗನು ಹೊರಗಿನಿಂದಲೇ ನೋಡಿ ಬಿಟ್ಟುಬಿಡುತ್ತಾನೆ. ದಿನಾಂಕ ತೆಗೆದು 'ಟಿಪ್ಪಣಿ ತಂತ್ರಾಂಶದ ಮೇಲೆ ರಿಯಾಯಿತಿ' ಎಂದು ಬರೆದರೆ, ಪಾಪ, ಅವನು ಒಳಗೆ ಬಂದು ಓದಿ ನಿರಾಶನಾಗಬೇಕು. ಜಾಲದ ಜನಕನಾದ ಟಿಮ್ ಬರ್ನರ್ಸ್‌ಲೀ ಕೂಡ 1998ರಲ್ಲಿ, ವಿಳಾಸದಲ್ಲಿ ದಿನಾಂಕವಿರುವುದು ಒಳ್ಳೆಯದು ಎಂದೇ ಬರೆದಿದ್ದರು.

ಸೂಚಿಕಾರ:

ಅವರು ಬರೆದದ್ದು ದಾಖಲೆ ಹುಟ್ಟಿದ ದಿನಾಂಕದ ಬಗ್ಗೆ. ಹುಟ್ಟಿದ ದಿನ ಎಂದೂ ಬದಲಾಗುವುದಿಲ್ಲ, ಆದ್ದರಿಂದ ಅದು ವಿಳಾಸದಲ್ಲಿದ್ದರೂ ಸುಳ್ಳಾಗುವುದಿಲ್ಲ. ಗಡುವು ಹಾಗಲ್ಲ. ದಾಖಲೆಯ ಸ್ಥಿತಿಯನ್ನು ಹೇಳುವ 'ಹಳೆಯದು', 'ಇತ್ತೀಚಿನದು', 'ಕರಡು' ಮುಂತಾದ ಮಾತುಗಳನ್ನು ವಿಳಾಸದಿಂದ ಹೊರಗಿಡಿ ಎಂದೂ ಅದೇ ಬರಹದಲ್ಲಿದೆ.

ಆದರೆ ನಿಮ್ಮ ಆಕ್ಷೇಪದ ಅರ್ಧ ಭಾಗ ಸರಿಯಾಗಿದೆ. ಶೀರ್ಷಿಕೆಯಿಂದ ದಿನಾಂಕವನ್ನು ತೆಗೆದು 'ರಿಯಾಯಿತಿ' ಎಂಬ ಪದವನ್ನು ಅಲ್ಲಿಯೇ ಬಿಟ್ಟರೆ ಹಳಸುವ ತುಂಡು ಹೋದಂತಾಗಲಿಲ್ಲ, ಅದರ ಲೇಬಲ್ ಮಾತ್ರ ಹೋಯಿತು. 'ಈಗ', 'ಹೊಸ', 'ಈ ವರ್ಷ', 'ಇಂದೇ ಕೊನೆಯ ದಿನ' ಎಂಬವು ದಿನಾಂಕಕ್ಕಿಂತಲೂ ಕೆಟ್ಟವು. ದಿನಾಂಕ ತಾನು ಮುಗಿದಿರುವುದನ್ನು ತಾನೇ ಒಪ್ಪಿಕೊಳ್ಳುತ್ತದೆ. 'ಇಂದು' ಎಂಬ ಪದ ಓದುವ ದಿನಕ್ಕೆ ಅಂಟಿಕೊಂಡು ಪ್ರತಿದಿನವೂ ಹೊಸದಾಗಿ ಸುಳ್ಳು ಹೇಳುತ್ತದೆ. ಶೀರ್ಷಿಕೆ ವಸ್ತುವನ್ನು ಮಾತ್ರ ಹೇಳಲಿ: 'ಟಿಪ್ಪಣಿ ತಂತ್ರಾಂಶ: ಬಳಕೆ, ಯೋಜನೆಗಳು, ಸದ್ಯದ ಬೆಲೆಯ ವಿವರ'.

ಅಚ್ಚನುಡಿ:

'ಸದ್ಯದ' ಎಂಬುದೂ 'ಈಗ'ದ ಅಣ್ಣನೇ.

ಸೂಚಿಕಾರ:

ಒಪ್ಪಿದೆ, ತೆಗೆದುಬಿಡಿ. 'ಬಳಕೆ, ಯೋಜನೆಗಳು, ಬೆಲೆ' ಎಂದರೆ ಸಾಕು. ಬೆಲೆ ಎಂಬ ಪದ ಹಳಸುವುದಿಲ್ಲ, ಅದರ ಮೊತ್ತ ಹಳಸುತ್ತದೆ. ಮೊತ್ತ ಮತ್ತು ಗಡುವು ವರ್ಷಸಮೇತ ಪುಟದ ಮೊದಲ ಸಾಲಿನಲ್ಲಿರಲಿ. ಯಂತ್ರಕ್ಕೂ ಹೇಳಬೇಕೆಂದಿದ್ದರೆ ಅದಕ್ಕೆಂದೇ ಮಾಡಿದ ಜಾಗವಿದೆ:

```json
{"@type": "Offer", "priceValidUntil": "2026-03-31"}
```

ಇಡೀ ಪುಟವೇ ಆ ದಿನದ ನಂತರ ಬೇಡವೆಂದಾದರೆ ಮಾತ್ರ `robots` ಸೂಚನೆಯಲ್ಲಿ `unavailable_after: 2026-03-31` ಎಂದು ಬರೆಯಬಹುದು. ಅದನ್ನು ಪಾಲಿಸುವ ಗೂಗಲ್‌ನಂಥ ಯಂತ್ರಗಳು ಪುಟವನ್ನೇ ಫಲಿತಾಂಶಗಳಿಂದ ಬಿಡುತ್ತವೆ. ವರ್ಷವಿಡೀ ಬೇಕಾದ ಪುಟಕ್ಕೆ ಅದನ್ನು ಹಾಕಿದರೆ ಏಪ್ರಿಲಿನಲ್ಲಿ ಪುಟ ಏಕೆ ಕಾಣುತ್ತಿಲ್ಲವೆಂದು ಹುಡುಕಬೇಕಾಗುತ್ತದೆ.

ಹಳೆಯ ಗುಮಾಸ್ತ:

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರ ಅನುಭವ ಹೇಳುತ್ತೇನೆ. ತರಬೇತಿಯ ಪ್ರಕಟಣೆಗೆ 'ಅರ್ಜಿ ಸಲ್ಲಿಸಲು ಜೂನ್ 15 ಕೊನೆಯ ದಿನ' ಎಂದು ಶೀರ್ಷಿಕೆ ಹಾಕಿದ್ದೆವು. ಎರಡನೆಯ ವರ್ಷ ಕೊನೆಯ ದಿನ ಮೇ 30 ಆಗಿತ್ತು. ಜೂನ್ ಮೊದಲ ವಾರದಲ್ಲಿ ಅರ್ಜಿ ತಂದವರೆಲ್ಲ ಹಳೆಯ ಪ್ರಕಟಣೆಯನ್ನು ತೋರಿಸಿದರು, ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ಯಾರೋ ಉತ್ಸಾಹದಿಂದ ಹಳೆಯ ಪುಟವನ್ನೇ ಅಳಿಸಿದರು. ಬೇರೆ ಕಡೆಗಳಿಂದ ನಮಗೆ ಕೊಟ್ಟಿದ್ದ ಕೊಂಡಿಗಳೆಲ್ಲ ಖಾಲಿ ಪುಟಕ್ಕೆ ಬರತೊಡಗಿದವು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ 301 ಎಂಬ ಉತ್ತರದೊಂದಿಗೆ ಕಳುಹಿಸಬಹುದೆಂದು ತಿಳಿದದ್ದು ಅದರ ನಂತರ. ಈಗ ಅಲ್ಲಿ 'ತರಬೇತಿಗೆ ಅರ್ಜಿ' ಎಂಬ ಒಂದೇ ಪುಟವಿದೆ, ಪ್ರತಿವರ್ಷ ಒಳಗಿನ ದಿನಾಂಕ ಮಾತ್ರ ಬದಲಾಗುತ್ತದೆ.

ಅಂದಹಾಗೆ, ಪುಸ್ತಕದ ಶೀರ್ಷಿಕೆಗೂ ಈ ನಿಯಮ ಅನ್ವಯಿಸುತ್ತದೆಯೆ? ನಾನು ವರ್ಷ ಸೇರಿಸಿ ಒಂದು ಸ್ಮರಣ ಸಂಚಿಕೆಗೆ ಹೆಸರಿಟ್ಟಿದ್ದೇನೆ.

ಸೂಚಿಕಾರ:

ಅನ್ವಯಿಸುವುದಿಲ್ಲ. ಅಲ್ಲಿ ವರ್ಷ ಗುರುತು, ಗಡುವಲ್ಲ. '1918ರ ಫ್ಲೂ ಪಿಡುಗು' ಎಂಬುದರಿಂದ ವರ್ಷ ತೆಗೆದರೆ ವಿಷಯವೇ ಹೋಗುತ್ತದೆ. ವರ್ಷವನ್ನು ಅಳಿಸಿ ಓದಿದಾಗಲೂ ಯಾವುದರ ಬಗ್ಗೆ ಬರೆದದ್ದೆಂದು ತಿಳಿದರೆ ಅದು ಹಳಸುವ ವರ್ಷ. ತಿಳಿಯದಿದ್ದರೆ ಅದು ಇರಲೇಬೇಕಾದ ವರ್ಷ. ಪ್ರತಿವರ್ಷ ನಡೆಯುವ ಸಂಗತಿಗಳಲ್ಲಿ ಈ ಪರೀಕ್ಷೆ ತೊಡಕಿಗೆ ಬೀಳುತ್ತದೆ. ಪುಟ ಈ ವರ್ಷದ್ದಾಗಿದ್ದರೂ ಶೀರ್ಷಿಕೆಯಲ್ಲಿ ಹೋದ ವರ್ಷವೇ ಉಳಿಯುವುದನ್ನು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಪ್ರತ್ಯೇಕ ದೋಷವೆಂದೇ ಹೆಸರಿಸಿದೆ. ಅಂಥಲ್ಲಿ ಪುಟದ ಮೇಲಿನ ಸಾಲನ್ನು ಆಯ್ದು ತೋರಿಸಬಹುದೆಂದೂ ಹೇಳಿದೆ. ಹಾಗೆ ತೋರಿಸಿಯೇ ತೀರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಅಚ್ಚನುಡಿ:

ಇಷ್ಟು ಹೊತ್ತಾದರೂ 'ಆಫರ್' ಎಂಬ ಪದವನ್ನು ಯಾರೂ ಮುಟ್ಟಲಿಲ್ಲ. 'ಕೊಡುಗೆ' ಎನ್ನಿ. ಕೊಡು ಎಂಬ ಧಾತುವಿನಿಂದ ಸಹಜವಾಗಿ ಬಂದದ್ದು.

ನಿಘಂಟುನಿಷ್ಠ:

ಕೊಡುಗೆ ಎಂದರೆ ದಾನ, ಅಥವಾ ಸಾಹಿತ್ಯಕ್ಕೆ ಯಾರೋ ಸಲ್ಲಿಸಿದ್ದು. ಹಣ ಪಡೆದು ಕೊಡುವುದನ್ನು ಕೊಡುಗೆ ಎನ್ನುವುದು ಅಪಹಾಸ್ಯ.

ನೇರಮಾತು:

ಹುಡುಕುವವರು ಬೆರಳಚ್ಚಿಸುವುದು 'ಆಫರ್' ಎಂದು. ಶುದ್ಧ ಪದ ಬರೆದು ಯಾರಿಗೂ ಸಿಗದ ಶೀರ್ಷಿಕೆಯನ್ನು ಇಟ್ಟುಕೊಂಡರೆ ಅದು ಹಳಸುವುದಿಲ್ಲ ನಿಜ, ಏಕೆಂದರೆ ಅದನ್ನು ಯಾರೂ ತೆರೆಯುವುದೇ ಇಲ್ಲ.

ಅಚ್ಚನುಡಿ:

ಬಳಸದ ಪದವನ್ನು ಯಾರೂ ಹುಡುಕುವುದಿಲ್ಲ, ಯಾರೂ ಹುಡುಕುವುದಿಲ್ಲವೆಂದು ನೀವು ಬಳಸುವುದಿಲ್ಲ. ಈ ತರ್ಕದಿಂದಲೇ 'ಗಡುವು' ಇದ್ದ ಕಡೆ 'ಲಾಸ್ಟ್ ಡೇಟ್' ಬಂದು ಕೂತಿದೆ.

ಸೂಚಿಕಾರ:

ಗಡುವಿನ ಮೇಲೆ ಹಕ್ಕು ಸಾಧಿಸುವ ಮೊದಲು ತೆಲುಗಿನವರನ್ನೂ ಒಂದು ಮಾತು ಕೇಳಿ, ಅವರಲ್ಲಿಯೂ ಅದು ಅದೇ ಅರ್ಥದಲ್ಲಿದೆ. ಇಲ್ಲಿ ಈ ಜಗಳದ ಅಗತ್ಯವೂ ಇಲ್ಲ. ಇದು ಬರೆಯುವವರಿಗೆ ಕಾಣುವ ಸೂಚನೆ. ಇದನ್ನು ಯಾರೂ ಹುಡುಕುವುದಿಲ್ಲ, ಓದಿ ಅರ್ಥವಾದರೆ ಸಾಕು.

ತರ್ಜುಮೆಗಾರ್ತಿ:

ಎಲ್ಲರಿಗೂ ಕೃತಜ್ಞತೆಗಳು. ಕೆಳಗಿನಂತೆ ಒಪ್ಪಿಸಿದ್ದೇನೆ:

'ಬೆಲೆಯ ಮೊತ್ತ, ಆಫರ್, ಗಡುವು, "ಇಂದು", "ಈಗ" ಮುಂತಾದ ಬೇಗ ಹಳಸುವ ವಿವರಗಳನ್ನು ಶೀರ್ಷಿಕೆಯಲ್ಲಿ ಬರೆಯಬೇಡಿ. ಪ್ರಕಟಣೆಯ ಮೊದಲ ಸಾಲಿನಲ್ಲಿ ವರ್ಷಸಮೇತ ಬರೆಯಿರಿ.'

ಮೂಲದ ಒಂದು ವಿಶೇಷಣಕ್ಕೆ ಎರಡು ಪದಗಳಾದವು. ಪೆಟ್ಟಿಗೆಯ ಕೆಳಗೆ ಸಾಲು ಎರಡಾಗಿ ಮಡಚಿಕೊಂಡರೂ ಪರಿಶೀಲಕರು ಒಪ್ಪಿದ್ದಾರೆ. 'ದಿನಾಂಕ' ಎಂದು ಬರಿದೇ ಹೇಳಿದರೆ ಗುರುತಿನ ವರ್ಷವನ್ನೂ ಜನ ಅಳಿಸಿಯಾರು ಎಂದು ಅದನ್ನು 'ಗಡುವು' ಎಂಬಲ್ಲಿಗೆ ಸೀಮಿತಗೊಳಿಸಿದೆ. ಪರಿಶೀಲಕರು ಎತ್ತಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ: ಮೊದಲ ಸಾಲಿನ ಮಾದರಿಯಲ್ಲಿ '31ರವರೆಗೆ' ಎಂದರೆ 31ನೆಯ ದಿನವೂ ಸೇರುತ್ತದೆಯೋ ಇಲ್ಲವೋ?

ನಿಘಂಟುನಿಷ್ಠ:

ಸೇರುತ್ತದೆ.

ಅಚ್ಚನುಡಿ:

ಸೇರುವುದಿಲ್ಲ. 'ಊರವರೆಗೆ ಹೋದೆ' ಎಂದರೆ ಊರೊಳಗೆ ಕಾಲಿಟ್ಟಂತಾಗುವುದಿಲ್ಲ.

ಹಳೆಯ ಗುಮಾಸ್ತ:

ನಾವು '31 ಸೇರಿದಂತೆ' ಎಂದು ಬರೆಯುತ್ತಿದ್ದೆವು. ಆದರೂ ಮರುದಿನ ಬರುವವರು ಬರುತ್ತಲೇ ಇದ್ದರು.